ಉಳಿದವರಿಗೆ ಹೇಗೆ ಹೇಳೋದು? ಬಳ್ಳಾರಿಯ ಒಂದು ಜೀನ್ಸ್ ಘಟಕದ ಕೆಲಸ ಕಡಿತ, ಹಂತ ಹಂತವಾಗಿ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಸಿಬ್ಬಂದಿ ವ್ಯವಹಾರ ನೋಡಿಕೊಂಡು ನನಗೆ ಹನ್ನೆರಡು ವರ್ಷ ಆಯ್ತು. ಇಷ್ಟರಲ್ಲಿ ಎರಡು ಸಲ ಕೆಲಸ ಕಡಿತ ನೋಡಿದ್ದೇನೆ. ಮೊದಲನೇ ಸಲ, ಹೋಗುವವರಿಗೆ ಹೇಗೆ ಹೇಳಬೇಕು ಅಂತ ಮೂರು ದಿನ ಕೂತು ಮಾತಾಡಿದ್ವಿ. ಉಳಿಯುವವರಿಗೆ ಏನು ಹೇಳಬೇಕು ಅಂತ ಒಂದು ಗಳಿಗೆಯೂ ಯೋಚಿಸಲಿಲ್ಲ. ಅವರ ಕೆಲಸ ಉಳಿದಿದೆಯಲ್ಲ, ಇನ್ನೇನು ಬೇಕು ಅಂದುಕೊಂಡಿದ್ವಿ. ಎರಡೇ ತಿಂಗಳಲ್ಲಿ ಉಳಿದವರಲ್ಲಿ ಒಂಬತ್ತು ಜನ ಬಿಟ್ಟು ಹೋದರು. ಒಂಬತ್ತೂ ಜನ ಒಳ್ಳೆ ಟೈಲರ್‌ಗಳು. ಕೌಲ್ ಬಜಾರ್‌ನಲ್ಲಿ ಕೈ ಚೆನ್ನಾಗಿರುವ ಟೈಲರ್‌ಗೆ ಮರುದಿನವೇ ಕೆಲಸ ಸಿಗುತ್ತೆ. ಹೆದರಿಕೆ ಇರುವ ಕಡೆ ಅವನು ಯಾಕೆ ಕೂರ್ತಾನೆ?

ಎರಡನೇ ಸಲ ಬೇರೆ ಘಟಕದಲ್ಲಿ ಬೇರೆ ಥರ ಮಾಡಿದ್ವಿ. ಆ ಘಟಕದ ಉದಾಹರಣೆ ಇಟ್ಟುಕೊಂಡೇ ಇಲ್ಲಿ ಹೇಳ್ತೀನಿ. ಅಲ್ಲಿ ಒಟ್ಟು 84 ಜನ ಇದ್ದರು. ವಾರಕ್ಕೆ 9,000 ಪೀಸ್ ಇದ್ದ ಆರ್ಡರ್ 6,000ಕ್ಕೆ ಇಳಿದಿತ್ತು. ಸ್ವಂತ ವಾಷಿಂಗ್ ವಿಭಾಗಕ್ಕೆ ನೀರು, ಕೊಳಚೆ ನೀರಿನ ಶುದ್ಧೀಕರಣ, ಬಾಯ್ಲರ್ ಎಲ್ಲ ಸೇರಿ ಖರ್ಚು ಮೇಲೇಳುತ್ತಿರಲಿಲ್ಲ. ಮಾಲೀಕರು ವಾಷಿಂಗ್ ಮುಚ್ಚಿ, ಅದನ್ನು ಹೊರಗೆ ಜಾಬ್ ವರ್ಕ್‌ಗೆ ಕೊಡೋದು ಅಂತ ತೀರ್ಮಾನಿಸಿದರು. ವಾಷಿಂಗ್‌ನ 17 ಜನ, ಫಿನಿಶಿಂಗ್‌ನ 5 ಜನ, ಒಟ್ಟು 22 ಜನ ಹೋಗಬೇಕಾಯ್ತು. ಉಳಿದವರು 62. ಈ ಬರಹ ಆ 62 ಜನರ ಬಗ್ಗೆ.

ಮೊದಲ ಹಂತ: ಬಾಯಿ ತೆರೆಯುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ

ಉಳಿದವರ ತಲೆಯಲ್ಲಿ ಇರೋದು ಮೂರೇ ಪ್ರಶ್ನೆ. ಮುಂದಿನ ಸರದಿ ನಂದಾ? ಹೋದವರಿಗೆ ಸರಿಯಾಗಿ ಕೊಟ್ಟರಾ? ಅವರ ಕೆಲಸ ಈಗ ಯಾರ ತಲೆಗೆ? ಕಂಪನಿಯ ಭವಿಷ್ಯ, ಮಾರುಕಟ್ಟೆಯ ಪರಿಸ್ಥಿತಿ ಇವೆಲ್ಲ ಆಮೇಲೆ. ಈ ಮೂರಕ್ಕೆ ಉತ್ತರ ಸಿಗುವ ತನಕ ಬೇರೆ ಏನು ಹೇಳಿದರೂ ಅವರ ಕಿವಿಗೆ ಬೀಳಲ್ಲ.

ಮೂರರಲ್ಲಿ ಮೊದಲನೆಯದೇ ಕಷ್ಟ. ಇಲ್ಲಿ ಮಾಲೀಕರಿಗೆ ಒಂದು ಆಸೆ ಬರುತ್ತೆ: "ಇನ್ನು ಯಾರನ್ನೂ ತೆಗೆಯಲ್ಲ, ಧೈರ್ಯವಾಗಿರಿ" ಅಂದುಬಿಡೋಣ ಅಂತ. ಮೊದಲನೇ ಸಲ ನಾವು ಹೇಳಿದ್ದು ಅದನ್ನೇ. ನಾಲ್ಕು ತಿಂಗಳಿಗೆ ಮತ್ತೆ ಆರು ಜನರನ್ನು ಕಳಿಸಬೇಕಾಯ್ತು. ಅವತ್ತಿನಿಂದ ನಾನು ಸಂಬಳದ ತಾರೀಖು ಹೇಳಿದರೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಾತು ಸುಳ್ಳಾದ ಮೇಲೆ ನಂಬಿಕೆ ವಾಪಸ್ ಬರೋದು ತುಂಬಾ ಕಷ್ಟ.

ಹಾಗಂತ "ಮುಂದಿನದು ಗೊತ್ತಿಲ್ಲ" ಅಂತ ಕೈ ಚೆಲ್ಲಿದರೂ ಆಗಲ್ಲ. ನಡುವೆ ಒಂದು ದಾರಿ ಇದೆ. ಒಂದು ಹಾಳೆ ತಗೊಳ್ಳಿ, ಅದನ್ನು ಮೂರು ಭಾಗ ಮಾಡಿ. ತೀರ್ಮಾನ ಆಗಿರೋದು ಏನು, ಇನ್ನೂ ಆಗದೇ ಇರೋದು ಏನು, ಅದು ಯಾವ ತಾರೀಖಿಗೆ ಗೊತ್ತಾಗುತ್ತೆ. ನಮ್ಮ ಹಾಳೆಯಲ್ಲಿ ಹೀಗಿತ್ತು: ವಾಷಿಂಗ್ ಮುಚ್ಚೋದು ತೀರ್ಮಾನ ಆಗಿದೆ. ಕಟಿಂಗ್, ಸ್ಟೋರ್, ಹೊಲಿಗೆಯ ಮೊದಲ ಲೈನ್ ಮುಂದುವರಿಯೋದು ತೀರ್ಮಾನ ಆಗಿದೆ. ಹೊಲಿಗೆಯ ಎರಡನೇ ಲೈನ್ ದಸರಾ-ದೀಪಾವಳಿ ಆರ್ಡರ್ ಮೇಲೆ ನಿಂತಿದೆ, ಅದು ಆಗಸ್ಟ್ 20ಕ್ಕೆ ಗೊತ್ತಾಗುತ್ತೆ.

ಎರಡನೇ ಲೈನ್ ವಿಷಯ ಹೇಳೋದಕ್ಕೆ ಮಾಲೀಕರಿಗೆ ಮನಸ್ಸಿರಲಿಲ್ಲ. "ಸುಮ್ನೆ ಹೆದರಿಸಿದ ಹಾಗೆ ಆಗುತ್ತಲ್ಲ" ಅಂದರು. ನಾನು ಕೇಳಿದೆ, "ಸರ, ಎರಡನೇ ಲೈನ್‌ನವರಿಗೆ ಆರ್ಡರ್ ಕಮ್ಮಿ ಆಗಿರೋದು ಗೊತ್ತಿಲ್ವಾ? ಕಟಿಂಗ್‌ನಿಂದ ದಿನಕ್ಕೆ ಎಷ್ಟು ಬಂಡಲ್ ಬರುತ್ತೆ ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು." ಹೆದರಿಕೆ ಆಗಲೇ ಇತ್ತು. ನಾವು ಕೊಡಬೇಕಾಗಿದ್ದು ಅದಕ್ಕೊಂದು ತಾರೀಖು.

ಎರಡನೇ ಹಂತ: ಹೋಗುವವರ ಬಾಕಿ ಚುಕ್ತಾ ಮಾಡಿ

ಇದು ಉಳಿದವರ ವಿಷಯ ಅಲ್ಲ ಅನಿಸಬಹುದು. ಆದರೆ ನಮ್ಮ ಘಟಕಗಳಲ್ಲಿ ಹೋದವರು, ಉಳಿದವರು ಒಂದೇ ಓಣಿಯವರು, ಎಷ್ಟೋ ಸಲ ಒಂದೇ ಮನೆಯವರು. ಹೋದವನಿಗೆ ಏನು ಕೊಟ್ಟಿರಿ ಅನ್ನೋದು ಅವತ್ತು ರಾತ್ರಿಯೇ ಉಳಿದವನಿಗೆ ಗೊತ್ತಾಗುತ್ತೆ. "ನಾಳೆ ನನಗೂ ಹೀಗೇ ಮಾಡ್ತಾರೆ" ಅಂತ ಅವನು ಅದರಿಂದಲೇ ಅಳೆಯೋದು.

ಕಾನೂನಿನ ಲೆಕ್ಕ ಸರಳವಾಗಿ ಹೇಳಬೇಕಂದ್ರೆ ಹೀಗಿದೆ. ಒಂದು ವರ್ಷ ಸತತ ಕೆಲಸ ಮಾಡಿದ ಕಾರ್ಮಿಕನಿಗೆ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಸಂಬಳ ಕೊಡಬೇಕು. ಪೂರ್ತಿ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ. ಇದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ ಬೇರೆ. ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೈಗೆ ಸೇರಬೇಕು. ನಿಮ್ಮ ಘಟಕಕ್ಕೆ ಬೇರೆ ಏನೇನು ಅನ್ವಯ ಆಗುತ್ತೆ ಅಂತ ಕಾರ್ಮಿಕ ಇಲಾಖೆಯಲ್ಲೋ ವಕೀಲರ ಹತ್ತಿರವೋ ಮುಂಚೆಯೇ ಕೇಳಿಕೊಳ್ಳಿ. ಪೀಸ್ ರೇಟ್‌ನವರ ಸರಾಸರಿ ತೆಗೆಯುವಾಗ ಜಗಳ ಜಾಸ್ತಿ, ಹಾಗಾಗಿ ಆ ಲೆಕ್ಕವನ್ನು ಹಾಳೆಯಲ್ಲಿ ಬರೆದು ತೋರಿಸಿ.

ಉಳಿದವರ ಮುಂದೆ ಈ ನಿಯಮವನ್ನು ಹೇಳಿ. ಯಾರಿಗೆ ಎಷ್ಟು ಬಂತು ಅಂತ ಹೇಳಬೇಡಿ, ಅದು ಅವರ ಮನೆ ವಿಷಯ.

ಯಾರು ಹೋಗಬೇಕು ಅನ್ನೋದು ಹೇಗೆ ತೀರ್ಮಾನ ಆಯ್ತು ಅಂತಲೂ ಹೇಳಬೇಕು. ವಾಷಿಂಗ್ ಪೂರ್ತಿ ಮುಚ್ಚಿದ್ದರಿಂದ ಅಲ್ಲಿ ಆಯ್ಕೆಯ ಪ್ರಶ್ನೆ ಇರಲಿಲ್ಲ. ಫಿನಿಶಿಂಗ್‌ನಲ್ಲಿ ಕೊನೆಗೆ ಸೇರಿದವರು ಮೊದಲು, ಕಾನೂನಿನ ಸಾಮಾನ್ಯ ನಿಯಮವೂ ಅದೇ. ಹೋದವರ ಕೆಲಸದಲ್ಲಿ ಕುಂದು ಇತ್ತು ಅನ್ನೋ ಅರ್ಥ ಬರುವ ಒಂದು ಮಾತೂ ಬಾಯಿಂದ ಬರಬಾರದು. "ಚೆನ್ನಾಗಿ ಕೆಲಸ ಮಾಡೋರನ್ನ ಉಳಿಸಿಕೊಂಡಿದ್ದೀವಿ" ಅಂತ ಒಬ್ಬ ಸೂಪರ್‌ವೈಸರ್ ಹೊಗಳುವ ಉತ್ಸಾಹದಲ್ಲಿ ಅಂದುಬಿಟ್ಟಿದ್ದರು. ಕೇಳುತ್ತಾ ನಿಂತವನ ತಮ್ಮ ಅವತ್ತೇ ಕೆಲಸ ಕಳೆದುಕೊಂಡಿದ್ದ.

ಅದಕ್ಕೇ ಇನ್ನೊಂದು ಪಟ್ಟಿ ಮಾಡಿ: ಹೋಗುವವರಿಗೂ ಉಳಿಯುವವರಿಗೂ ಇರುವ ನಂಟು. ಗಂಡ ವಾಷಿಂಗ್‌ನಲ್ಲಿ, ಹೆಂಡತಿ ಬಟನ್ ಹಾಕುವ ಕಡೆ. ಮಾವ ಫಿನಿಶಿಂಗ್‌ನಲ್ಲಿ, ಅಳಿಯ ಓವರ್‌ಲಾಕ್ ಮಷಿನ್‌ನಲ್ಲಿ. ನಮ್ಮಲ್ಲಿ ಹೀಗೆ ಏಳು ಜನ ಸಿಕ್ಕರು. ಅವರ ಜೊತೆ ಅವತ್ತೇ ಬೇರೆ ಕೂತು ಮಾತಾಡಬೇಕು, ಗುಂಪಿನಲ್ಲಿ ಅಲ್ಲ.

ಮೂರನೇ ಹಂತ: ಆ ದಿನದ ಗಂಟೆಗಂಟೆಯ ಲೆಕ್ಕ

ದಿನ ಮಂಗಳವಾರ ಇಟ್ಟುಕೊಂಡ್ವಿ. ಶನಿವಾರ ಸಂಜೆ ಬಟವಾಡೆ ಮಾಡಿ ಜೊತೆಗೆ ಹೇಳಿಬಿಡೋದು ಕೆಲವರ ರೂಢಿ. ಹಾಗೆ ಮಾಡಿದರೆ ಭಾನುವಾರ ಇಡೀ ದಿನ ಜನರಿಗೆ ಪ್ರಶ್ನೆ ಕೇಳೋದಕ್ಕೆ ಯಾರೂ ಸಿಗಲ್ಲ, ಚಹಾ ಅಂಗಡಿಯಲ್ಲಿ ಸಿಕ್ಕ ಉತ್ತರವೇ ಗಟ್ಟಿ ಆಗುತ್ತೆ.

ಬೆಳಿಗ್ಗೆ 8:30ಕ್ಕೆ ಮೂರೂ ಸೂಪರ್‌ವೈಸರ್‌ಗಳಿಗೆ ಹೇಳಿದ್ವಿ. ಒಂದು ದಿನ ಮುಂಚೆ ಹೇಳಿದರೆ ಸುದ್ದಿ ಹರಡುತ್ತೆ, ಎಲ್ಲರ ಜೊತೆಗೇ ಹೇಳಿದರೆ ಅವರಿಗೆ ಅವಮಾನ. ಅರ್ಧ ಗಂಟೆ ಮುಂಚೆ ಸಾಕು. ಅವರ ಕೈಗೆ ಬರೆದಿಟ್ಟ ಹಾಳೆ ಕೊಟ್ಟು, "ಇದರಲ್ಲಿ ಇಲ್ಲದ ಪ್ರಶ್ನೆ ಬಂದ್ರೆ ಕೇಳಿ ಹೇಳ್ತೀನಿ ಅನ್ನಿ, ನೀವಾಗಿ ಊಹೆ ಮಾಡಿ ಹೇಳಬೇಡಿ" ಅಂದೆ.

9ರಿಂದ ಹೋಗುವವರನ್ನು ಒಬ್ಬೊಬ್ಬರಾಗಿ ಕರೆದ್ವಿ. ಎರಡು ಕೋಣೆ, ಒಂದರಲ್ಲಿ ಮಾಲೀಕರು, ಇನ್ನೊಂದರಲ್ಲಿ ನಾನು, ಒಬ್ಬೊಬ್ಬರಿಗೆ ಸುಮಾರು 12 ನಿಮಿಷ. 22 ಜನಕ್ಕೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಈ ಎರಡು ಗಂಟೆ ಹೊಲಿಗೆ ಹಾಲ್‌ನಲ್ಲಿ ಕೂತವರ ಗತಿ ಏನು? ಒಬ್ಬೊಬ್ಬರನ್ನೇ ಕರೀತಿರೋದು ಎಲ್ಲರಿಗೂ ಕಾಣುತ್ತೆ. ಪ್ರತಿ ಹೆಜ್ಜೆ ಸಪ್ಪಳಕ್ಕೂ ತಲೆ ಎತ್ತುತ್ತಾರೆ. ಅದಕ್ಕೆ 9 ಗಂಟೆಗೇ ಹಾಲ್‌ನಲ್ಲಿ ನಿಂತು ನಾಲ್ಕು ವಾಕ್ಯ ಹೇಳಿದೆ: "ಇವತ್ತು ಕೆಲವರ ಕೆಲಸ ಹೋಗ್ತಿದೆ. ಅವರನ್ನ ಒಬ್ಬೊಬ್ಬರಾಗಿ ಕರೆದು ಹೇಳ್ತಿದ್ದೀವಿ. 11:30ರ ಒಳಗೆ ಯಾರನ್ನ ಕರೆಯಲಿಲ್ವೋ ಅವರ ಕೆಲಸ ಇವತ್ತಿನ ತೀರ್ಮಾನದಲ್ಲಿ ಇಲ್ಲ. 12 ಗಂಟೆಗೆ ಎಲ್ಲಾ ವಿಷಯ ಹೇಳ್ತೀವಿ." ಅಷ್ಟೇ. ಆ ಎರಡು ಗಂಟೆ ಕೆಲಸ ಅಷ್ಟಾಗಿ ನಡೆಯಲಿಲ್ಲ, ನಡೆಯಲಿ ಅಂತ ಯಾರೂ ಒತ್ತಾಯ ಮಾಡಲೂ ಇಲ್ಲ. ಅವತ್ತು ಪೀಸ್ ರೇಟ್‌ನವರಿಗೆ ಹಿಂದಿನ ವಾರದ ಸರಾಸರಿ ಕೂಲಿ ಕೊಟ್ಟೆವು.

ವಾಟ್ಸಾಪ್ ಗ್ರೂಪ್ ಬಗ್ಗೆ ಎಚ್ಚರ. ಮೊದಲನೇ ಕಡಿತದಲ್ಲಿ ನನ್ನಿಂದ ಆದ ದೊಡ್ಡ ತಪ್ಪು ಇದೇ. ಗ್ರೂಪ್‌ನಿಂದ ಹೋಗುವವರ ನಂಬರ್ ತೆಗೆಯೋಕೆ ಆಫೀಸ್ ಹುಡುಗನಿಗೆ ಹಿಂದಿನ ದಿನವೇ ಪಟ್ಟಿ ಕೊಟ್ಟಿದ್ದೆ. ಅವನು ಬೆಳಿಗ್ಗೆ 8ಕ್ಕೇ ತೆಗೆದುಬಿಟ್ಟ. ಒಬ್ಬ ಅಕ್ಕ ಗೇಟ್ ಹತ್ತಿರ ಫೋನ್ ಹಿಡ್ಕೊಂಡು ನಿಂತು, "ಸರ, ನನ್ನ ಹೆಸರು ಗ್ರೂಪಿನಾಗ ಇಲ್ಲಲ್ರಿ, ಯಾಕ್ರಿ?" ಅಂತ ಕೇಳಿದಳು. ಉಳಿದವರೆಲ್ಲ ನೋಡುತ್ತಿದ್ದರು. ಆ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತೆ. ಗ್ರೂಪ್, ಹಾಜರಿ ಮಷಿನ್, ಲಾಕರ್ ಕೀ, ಯಾವುದನ್ನೂ ಆ ವ್ಯಕ್ತಿಗೆ ಎದುರಿಗೆ ಹೇಳುವ ತನಕ ಮುಟ್ಟಬೇಡಿ.

ನಾಲ್ಕನೇ ಹಂತ: 12 ಗಂಟೆಯ ಮಾತು

ಮಾತಾಡಬೇಕಾದವರು ಮಾಲೀಕರು. ತೀರ್ಮಾನ ಅವರದ್ದು, ಹಾಗಾಗಿ ಎದುರು ನಿಲ್ಲಬೇಕಾದವರೂ ಅವರೇ. ನಾನು ಪಕ್ಕದಲ್ಲಿರಬಹುದು, ಅವರ ಬದಲಿಗೆ ಅಲ್ಲ. ಮಷಿನ್, ಫ್ಯಾನ್, ರೇಡಿಯೊ ಎಲ್ಲ ಬಂದ್ ಮಾಡಿ, ಕಟಿಂಗ್ ಟೇಬಲ್ ಸುತ್ತ ಎಲ್ಲರನ್ನೂ ಸೇರಿಸಿ. ಭಾಷಣ ಐದು ನಿಮಿಷ ದಾಟಬಾರದು, ಪ್ರಶ್ನೆಗೆ ಎಷ್ಟು ಹೊತ್ತು ಬೇಕಾದರೂ ಕೊಡಿ. ನಮ್ಮ ಮಾಲೀಕರು ಹೇಳಿದ್ದು ಹೆಚ್ಚು ಕಡಿಮೆ ಹೀಗಿತ್ತು:

"ವಾಷಿಂಗ್ ವಿಭಾಗ ಇವತ್ತಿಂದ ಮುಚ್ಚಿದ್ದೀವಿ. 22 ಜನ ಇನ್ನು ನಮ್ಮ ಜೊತೆ ಇರಲ್ಲ. ಈ ತೀರ್ಮಾನ ನಂದು. ವಾರಕ್ಕೆ 9,000 ಪೀಸ್ ಇತ್ತು, ಈಗ 6,000 ಇದೆ. ವಾಷಿಂಗ್ ನಾವೇ ನಡೆಸೋಕೆ ಆಗುವ ಖರ್ಚು, ಹೊರಗೆ ಕೊಟ್ಟರೆ ಆಗೋದಕ್ಕಿಂತ ಜಾಸ್ತಿ. ಆರು ತಿಂಗಳ ಹಿಂದೆಯೇ ನಾನು ಇದನ್ನ ನೋಡಬೇಕಿತ್ತು, ನೋಡಲಿಲ್ಲ. ಹೋದವರ ತಪ್ಪು ಏನೂ ಇಲ್ಲ. ಅವರಿಗೆ ನೋಟಿಸ್ ಸಂಬಳ, ವರ್ಷಕ್ಕೆ 15 ದಿನದ ಪರಿಹಾರ, ಗ್ರಾಚ್ಯುಟಿ ಇದ್ದವರಿಗೆ ಗ್ರಾಚ್ಯುಟಿ ಕೊಟ್ಟಿದ್ದೀವಿ. ಕಟಿಂಗ್, ಸ್ಟೋರ್, ಮೊದಲ ಲೈನ್‌ಗೆ ಬದಲಾವಣೆ ಇಲ್ಲ. ಎರಡನೇ ಲೈನ್ ಬಗ್ಗೆ ನನಗೆ ಇವತ್ತು ಗೊತ್ತಿಲ್ಲ. ಹಬ್ಬದ ಆರ್ಡರ್ ಆಗಸ್ಟ್ 20ಕ್ಕೆ ಗೊತ್ತಾಗುತ್ತೆ. ಬಂದ್ರೂ ಬರದಿದ್ರೂ ಅವತ್ತು ಇದೇ ಜಾಗದಲ್ಲಿ ನಿಂತು ಹೇಳ್ತೀನಿ."

ಸೂಪರ್‌ವೈಸರ್ ಒಬ್ಬರು ಇದನ್ನೇ ತೆಲುಗಿನಲ್ಲೂ, ಇನ್ನೊಬ್ಬರು ಉರ್ದುವಿನಲ್ಲೂ ಹೇಳಿದರು. ಬಳ್ಳಾರಿಯ ಘಟಕಗಳಲ್ಲಿ ಇದು ಬೇಕೇ ಬೇಕು. ಕನ್ನಡ ಎಲ್ಲರಿಗೂ ಬರುತ್ತೆ, ಆದರೆ ಎದೆ ಹೊಡ್ಕೊಳ್ಳುವಾಗ ಮನೆ ಮಾತಿನಲ್ಲಿ ಕೇಳಿದ್ದೇ ಮನಸ್ಸಿಗೆ ಇಳಿಯೋದು.

ಎರಡು ಮಾತು ಮೊದಲೇ ಹೊಡೆದು ಹಾಕಿಸಿದ್ದೆ. ಒಂದು, "ಪುನರ್‌ರಚನೆ". ಕೆಲಸ ಹೋಯ್ತು ಅನ್ನೋದನ್ನ ಕೆಲಸ ಹೋಯ್ತು ಅಂತಲೇ ಹೇಳಬೇಕು. ಇನ್ನೊಂದು, "ನಾವೆಲ್ಲ ಒಂದೇ ಮನೆಯವರು". ಮೊದಲನೇ ಕಡಿತದಲ್ಲಿ ಈ ಮಾತು ಬಂದಾಗ ಹಿಂದಿನ ಸಾಲಿನ ಒಬ್ಬ ಹಿರಿಯ ಟೈಲರ್ ಕೇಳಿದ್ದರು, "ಮನಿ ಮಂದೀನ ಯಾರರ ಲೆಕ್ಕಾ ನೋಡಿ ಹೊರಗ ಕಳಸ್ತಾರೇನ್ರಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಪ್ರಶ್ನೆ ಕೇಳಿ ಅಂದಾಗ ಸುಮಾರು ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಇದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಮಾಲೀಕರ ಎದುರು ಮೊದಲು ಮಾತಾಡೋದಕ್ಕೆ ಯಾರಿಗೂ ಮನಸ್ಸಾಗಲ್ಲ. ಸಭೆ ಮುಗಿಸದೆ ಸುಮ್ಮನೆ ನಿಂತು ಕಾಯಿರಿ. ಆಗಲೂ ಬರದಿದ್ದರೆ ನೀವೇ ಕೇಳಿ: "ಪಿಎಫ್ ಕಟ್ಟಿದ್ದೀರಾ ಅಂತ ಕೆಲವರಿಗೆ ಅನುಮಾನ ಇರಬಹುದು. ಕಟ್ಟಿದ್ದೀವಿ, ಪಾಸ್‌ಬುಕ್ ನೋಡೋಕೆ ಬಾರದವರು ನಾಳೆ ಬನ್ನಿ, ಒಟ್ಟಿಗೆ ನೋಡೋಣ." ನಾನು ಹೀಗಂದ ಮೇಲೆ ಮೊದಲ ಕೈ ಎದ್ದಿತು. ಆ ಹೆಣ್ಣುಮಗಳು ಕೇಳಿದ್ದು ಪಿಎಫ್ ಬಗ್ಗೆ ಅಲ್ಲ. "ನಾನು ಅಡ್ವಾನ್ಸ್ ತಗೊಂಡೀನ್ರಿ. ನನ್ನೂ ತಗದ್ರ ಅದನ್ನ ಒಮ್ಮಿಗೇ ಹಿಡ್ಕೊಂತೀರೇನು?" ಮಾಲೀಕರಿಗೆ ಉತ್ತರ ಗೊತ್ತಿರಲಿಲ್ಲ. "ಇದನ್ನ ನಾನು ಯೋಚನೆ ಮಾಡಿಲ್ಲಮ್ಮ. ಗುರುವಾರದೊಳಗೆ ಹೇಳ್ತೀನಿ" ಅಂದರು. ಗುರುವಾರ ಬೆಳಿಗ್ಗೆ, ತಿಂಗಳ ಕಂತು ಮೊದಲಿನಂತೆಯೇ ಇರುತ್ತೆ ಅಂತ ಬರೆದು ಬೋರ್ಡ್‌ಗೆ ಹಾಕಿದ್ವಿ. ಗೊತ್ತಿಲ್ಲ ಅಂದು ತಾರೀಖು ಕೊಟ್ಟು, ಆ ತಾರೀಖಿಗೆ ಸರಿಯಾಗಿ ಹೇಳಿದ್ದು ಅವತ್ತಿನ ಇಡೀ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿತು ಅಂತ ನನಗೆ ಅನಿಸುತ್ತೆ.

ಐದನೇ ಹಂತ: ಹೋದವರ ಕೆಲಸದ ಪಟ್ಟಿ

ಇಲ್ಲೇ ಜಾಸ್ತಿ ಜನ ಎಡವೋದು. "ಎಲ್ಲರೂ ಸ್ವಲ್ಪ ಸ್ವಲ್ಪ ಹೊಂದಿಸಿಕೊಳ್ಳಿ" ಅಂತ ಬಿಟ್ಟುಬಿಡ್ತಾರೆ. ಹಾಗಂದ್ರೆ ಇಲ್ಲ ಅನ್ನೋಕೆ ಬಾರದವರ ತಲೆಗೇ ಎಲ್ಲಾ ಬೀಳುತ್ತೆ.

ಹೋಗುವ ಪ್ರತಿಯೊಬ್ಬರ ಕೆಲಸವನ್ನು ಬರೆದು, ಪ್ರತಿ ಸಾಲಿನ ಎದುರು ಮೂರರಲ್ಲಿ ಒಂದು ಬರೆಯಿರಿ: ನಿಲ್ಲುತ್ತೆ, ಹೊರಗೆ ಹೋಗುತ್ತೆ, ಇಂಥವರಿಗೆ ಬರುತ್ತೆ. ಹುದ್ದೆಯ ಹೆಸರು ನೋಡಿ ಬರೆದರೆ ಅರ್ಧ ಕೆಲಸ ತಪ್ಪಿ ಹೋಗುತ್ತೆ. ನಮ್ಮ ವಾಷಿಂಗ್ ಮಾಸ್ಟರ್ ಕೆಲಸ ಅಂದ್ರೆ ಬಟ್ಟೆ ತೊಳೆಸೋದು ಅಂತ ಬರೆದುಕೊಂಡಿದ್ವಿ, ಅದು ಹೊರಗೆ ಹೋಯ್ತು ಅಂತ ಗೆರೆ ಎಳೆದಿದ್ವಿ. ಕಟಿಂಗ್ ಮಾಸ್ಟರ್ ಕೇಳಿದಾಗಲೇ ಗೊತ್ತಾಗಿದ್ದು, "ಶ್ರಿಂಕೇಜ್ ಯಾರು ನೋಡ್ತಾರೆ?"

ಡೆನಿಮ್ ತೊಳೆದಾಗ ಕುಗ್ಗುತ್ತೆ. ಹೊಸ ಥಾನ್ ಬಂದಾಗ ಒಂದು ತುಂಡು ಕತ್ತರಿಸಿ, ಅಳತೆ ಗುರುತು ಹಾಕಿ, ತೊಳೆದು, ಎಷ್ಟು ಕುಗ್ಗಿತು ಅಂತ ವಾಷಿಂಗ್ ಮಾಸ್ಟರ್ ಕಟಿಂಗ್‌ಗೆ ಹೇಳುತ್ತಿದ್ದರು. ಅದರ ಪ್ರಕಾರ ಪ್ಯಾಟರ್ನ್ ದೊಡ್ಡದು ಮಾಡ್ತಾರೆ. 42 ಇಂಚಿನ ಉದ್ದದಲ್ಲಿ 5 ಪರ್ಸೆಂಟ್ ಅಂದ್ರೆ ಎರಡು ಇಂಚಿಗಿಂತ ಜಾಸ್ತಿ. ಇದನ್ನು ಯಾರೂ ನೋಡದಿದ್ದರೆ ಇಡೀ ಲಾಟ್ ಗಿಡ್ಡ ಆಗಿ ವಾಪಸ್ ಬರುತ್ತೆ, ಬೈಗುಳ ಕಟಿಂಗ್‌ನವರಿಗೆ. ಹೀಗೇ, ಹೊರಗಿನಿಂದ ತೊಳೆದು ಬಂದ ಲಾಟ್ ಎಣಿಸೋದು, ಶೇಡ್ ಬೇರೆ ಬಂದ ಪೀಸ್ ಬೇರೆ ಇಡೋದು ಕೂಡ ಪಟ್ಟಿಯಲ್ಲಿ ಇರಲಿಲ್ಲ. ಶ್ರಿಂಕೇಜ್ ಪರೀಕ್ಷೆ ಕಟಿಂಗ್ ಮಾಸ್ಟರ್‌ಗೆ ಬಂತು, ಲಾಟ್ ಎಣಿಕೆ ಫಿನಿಶಿಂಗ್ ಸೂಪರ್‌ವೈಸರ್‌ಗೆ. ಅವರಿಗೆ ಹೊಸ ಕೆಲಸ ಕೊಟ್ಟಾಗ ಹಳೇದರಲ್ಲಿ ಏನು ಬಿಡಬಹುದು ಅಂತಲೂ ಹೇಳಬೇಕು. ಫಿನಿಶಿಂಗ್ ಸೂಪರ್‌ವೈಸರ್ ಬರೆಯುತ್ತಿದ್ದ ದಿನದ ಎರಡು ರಿಪೋರ್ಟ್‌ಗಳಲ್ಲಿ ಒಂದನ್ನು ನಿಲ್ಲಿಸಿದ್ವಿ. ಅದನ್ನು ಯಾರೂ ಓದುತ್ತಿರಲಿಲ್ಲ.

ಕೆಲಸದ ವೇಳೆ, ಶಿಫ್ಟ್, ಕೂಲಿ ದರ ಇಂಥದ್ದು ಬದಲಾಗುವುದಾದರೆ "ನಾಳೆಯಿಂದ" ಅನ್ನುವ ಹಾಗಿಲ್ಲ. ಕಾನೂನಿನಲ್ಲಿ ಇಂಥ ಬದಲಾವಣೆಗೆ 21 ದಿನದ ನೋಟಿಸ್ ಬೇಕು. ಫಿನಿಶಿಂಗ್‌ನವರು ಅರ್ಧ ಗಂಟೆ ತಡವಾಗಿ ಶುರು ಮಾಡಿದರೆ ಹೊರಗಿನ ಲಾಟ್ ಬರೋದಕ್ಕೂ ಅದಕ್ಕೂ ಹೊಂದುತ್ತಿತ್ತು. ಮಾಲೀಕರಿಗೆ ಮರುದಿನವೇ ಶುರು ಮಾಡುವ ಅವಸರ. ನೋಟಿಸ್ ಹಾಕಿ ಕಾದ್ವಿ. ಬಸ್ ವೇಳೆ, ಮಕ್ಕಳ ಶಾಲೆ ನೋಡಿಕೊಂಡು ಹೊಂದಿಸಿಕೊಳ್ಳೋಕೆ ಆ ಮೂರು ವಾರ ಜನರಿಗೆ ಬೇಕೇ ಬೇಕಿತ್ತು.

ಆರನೇ ಹಂತ: ಮುಂದಿನ ನಾಲ್ಕು ವಾರ

ಮೊದಲ ವಾರ ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಕೂತುಕೊಳ್ಳಿ. 62 ಜನ ಜಾಸ್ತಿ ಅನಿಸಿದರೆ ಸೂಪರ್‌ವೈಸರ್‌ಗಳ ಜೊತೆ ಹಂಚಿಕೊಳ್ಳಿ. ಎರಡೇ ಪ್ರಶ್ನೆ ಕೇಳಿ: ಯಾವುದು ಅರ್ಥ ಆಗಲಿಲ್ಲ? ಯಾವ ಕೆಲಸ ನಿಮ್ಮ ಮೇಲೆ ಬಂದು ಬಿದ್ದಿದೆ?

ಮಾತು ನಾಟಿಲ್ಲ ಅನ್ನೋದಕ್ಕೆ ಗುರುತುಗಳಿವೆ. ಒಳ್ಳೆ ಟೈಲರ್‌ಗಳು ಒಬ್ಬರಾದ ಮೇಲೆ ಒಬ್ಬರು ಅರ್ಧ ದಿನ ರಜೆ ಕೇಳ್ತಾರೆ, ಅಂದ್ರೆ ಬೇರೆ ಕಡೆ ಸ್ಯಾಂಪಲ್ ಹೊಲಿದು ತೋರಿಸೋಕೆ ಹೋಗ್ತಿದ್ದಾರೆ. ಆಲ್ಟರ್‌ಗೆ ವಾಪಸ್ ಬರುವ ಪೀಸ್ ಏರುತ್ತೆ. ನೀವು ಹಾಲ್‌ಗೆ ಬಂದ ಕೂಡಲೇ ಮಾತು ನಿಲ್ಲುತ್ತೆ. ಇವುಗಳಲ್ಲಿ ಎರಡು ಕಂಡರೂ ಇನ್ನೊಂದು ಸಭೆ ಕರೆಯಿರಿ, ಹೊಸದು ಹೇಳೋಕೆ ಏನೂ ಇಲ್ಲದಿದ್ದರೂ. "ಹಬ್ಬದ ಆರ್ಡರ್ ಇನ್ನೂ ಬಂದಿಲ್ಲ, 20ಕ್ಕೇ ಹೇಳ್ತೀನಿ" ಅನ್ನೋದೂ ಒಂದು ಸುದ್ದಿಯೇ.

ಹೋದವರ ಜಾಗವನ್ನು ಮರುದಿನವೇ ಅಳಿಸಿ ಹಾಕೋದೂ ಬೇಡ. ವಾಷಿಂಗ್ ಬಾಗಿಲ ಪಕ್ಕದ ಕಟ್ಟೆ ಮೇಲೆ ಒಂದು ಸ್ಟೀಲ್ ಡಬ್ಬಿ ಉಳಿದಿತ್ತು, ಮುಚ್ಚಳದ ಮೇಲೆ ಮೊಳೆಯಿಂದ ಕೆತ್ತಿದ ಹೆಸರು. ಮೂರು ದಿನ ಎಲ್ಲರೂ ಅದನ್ನ ನೋಡಿ ಸುತ್ತಿ ಹೋಗುತ್ತಿದ್ದರು. ಕೊನೆಗೆ ಬಟನ್ ಹಾಕುವ ಒಬ್ಬ ಅಕ್ಕ, "ನಾನು ಅವರ ಮನಿ ಕಡೆನೇ ಹೋಗ್ತೀನಿ, ಕೊಟ್ಟು ಬರ್ತೀನಿ ಕೊಡ್ರಿ" ಅಂದಳು. ಡ್ಯೂಟಿ ವೇಳೆಯಲ್ಲೇ ಕಳಿಸಿದ್ವಿ.

ಆಗಸ್ಟ್ 20ಕ್ಕೆ ಆರ್ಡರ್ ಬಂತು, ಅಂದುಕೊಂಡಿದ್ದಕ್ಕಿಂತ ಕಮ್ಮಿ. ಮಾಲೀಕರು ಅದೇ ಕಟಿಂಗ್ ಟೇಬಲ್ ಹತ್ತಿರ ನಿಂತು, ಎರಡನೇ ಲೈನ್ ಡಿಸೆಂಬರ್ ತನಕ ನಡೆಯುತ್ತೆ, ಓವರ್‌ಟೈಮ್ ಇರಲ್ಲ, ಡಿಸೆಂಬರ್ 10ಕ್ಕೆ ಮತ್ತೆ ಹೇಳ್ತೀನಿ ಅಂದರು. ಕೆಲವರಿಗೆ ಬೇಜಾರಾಯ್ತು, ಇಬ್ಬರು ಆ ತಿಂಗಳೇ ಬೇರೆ ಕೆಲಸ ನೋಡಿಕೊಂಡರು. ನಿಜ ಹೇಳಿದ್ದರಿಂದ ಹೋದವರು ಇವರು. ಅದನ್ನು ತಡೆಯೋಕೆ ಆಗಲ್ಲ, ತಡೆಯಲೂ ಬಾರದು ಅಂತ ನನ್ನ ಅಭಿಪ್ರಾಯ.

ಹೋದ 22 ಜನರ ಫೋನ್ ನಂಬರ್ ಪಟ್ಟಿಯನ್ನು ಆಫೀಸ್ ಗೋಡೆಯ ಒಳಬದಿಗೆ ಅಂಟಿಸಿಟ್ಟಿದ್ದೆ. ಹೊಸಬರನ್ನು ತೆಗೆದುಕೊಳ್ಳುವಾಗ ಕೆಲಸ ಕಳೆದುಕೊಂಡವರಿಗೆ ಮೊದಲ ಅವಕಾಶ ಕೊಡಬೇಕು ಅನ್ನೋದು ಹಳೆ ಕಾಯ್ದೆಯಲ್ಲಿತ್ತು, ಹೊಸ ಸಂಹಿತೆಯಲ್ಲಿ ಒಂದು ವರ್ಷದ ತನಕ ಈ ಹಕ್ಕು ಇದೆ. ಇದನ್ನು 12 ಗಂಟೆಯ ಸಭೆಯಲ್ಲೇ ಉಳಿದವರಿಗೂ ಹೇಳಿದ್ದೆವು. ಹಬ್ಬದ ಆರ್ಡರ್‌ಗೆ ಫಿನಿಶಿಂಗ್‌ನಲ್ಲಿ ಇಬ್ಬರು ಬೇಕಾದಾಗ ಆ ಪಟ್ಟಿಯಿಂದಲೇ ಫೋನ್ ಮಾಡಿದ್ವಿ. ಒಬ್ಬ ಆಗಲೇ ಬೇರೆ ಕಡೆ ಸೇರಿದ್ದ. ಇನ್ನೊಬ್ಬರು ಸೋಮವಾರ ಬೆಳಿಗ್ಗೆ ಗೇಟ್‌ಗೆ ಬಂದಾಗ, ಅವರನ್ನು ಒಳಗೆ ಕರೆದುಕೊಂಡು ಬರೋಕೆ ಫಿನಿಶಿಂಗ್‌ನ ಒಂಬತ್ತೂ ಜನ ಹೊರಗೆ ಬಂದು ನಿಂತಿದ್ದರು.